‘ನಾನು ಕಡಿಮೆ’ ಎಂಬುದೂ ‘ನಾನು’ ಎಂಬುದೇ

ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಹದಿನಾಲ್ಕು ವರ್ಷಗಳಿಂದ ಬೆಳಿಗ್ಗೆ ಒಂದು ತಾಸು ಧ್ಯಾನಕ್ಕೆ ಕೂರುತ್ತೇನೆ. ಅದರಲ್ಲಿ ಮೊದಲ ಆರು ವರ್ಷ ನಾನು ಅಹಂಕಾರವನ್ನು ಕರಗಿಸುತ್ತಿದ್ದೇನೆ ಎಂದು ತಿಳಿದಿದ್ದೆ. ವಾಸ್ತವದಲ್ಲಿ ನನ್ನನ್ನು ನಾನು ಹೀಗಳೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ಎರಡೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಅವೆರಡರ ನಡುವಿನ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಒಂದು ಲೆಕ್ಕದ ತಪ್ಪಿನಿಂದ.

ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದ ರೈತರಿಗೆ ಬಡ್ಡಿ ರಿಯಾಯಿತಿ ಸಿಗುತ್ತದೆ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಆ ವರ್ಷ ಸಿದ್ಧವಾದ ಪಟ್ಟಿಯಲ್ಲಿ ಹನ್ನೊಂದು ಸದಸ್ಯರ ಗಡುವು ಒಂದು ತಿಂಗಳು ಹಿಂದಕ್ಕೆ ನಮೂದಾಗಿತ್ತು. ಸಮಯಕ್ಕೆ ಸರಿಯಾಗಿ ಹಣ ಕಟ್ಟಿದವರು ಸುಸ್ತಿದಾರರಾಗಿದ್ದರು. ಪಟ್ಟಿ ಮಾಡಿದವರು ನನಗಿಂತ ಹಿರಿಯರು. ಸಭೆಯಲ್ಲಿ ಅದನ್ನು ಓದಿದಾಗ ತಪ್ಪು ನನಗೆ ಕಂಡಿತು, ಆದರೆ ಬಾಯಿ ಬಿಡಲಿಲ್ಲ. ‘ತಿದ್ದಲು ನಾನು ಯಾರು? ನನ್ನ ಜಾಣತನ ತೋರಿಸಿಕೊಳ್ಳುವ ಆಸೆಯೇ ಇದು’ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಅಂದು ರಾತ್ರಿ ಧ್ಯಾನಕ್ಕೆ ಕೂತಾಗ ಒಂದು ರೀತಿಯ ಸಮಾಧಾನವೂ ಇತ್ತು. ಆ ಹನ್ನೊಂದು ಜನರಲ್ಲಿ ಒಬ್ಬ ಹೆಣ್ಣುಮಗಳು ಬಂದ ಬಡ್ಡಿಯನ್ನು ಕಟ್ಟಲು ಕೈಗಡ ತಂದಳೆಂದು ಎರಡು ತಿಂಗಳ ಮೇಲೆ ಗೊತ್ತಾಯಿತು. ಹಣ ಅವಳಿಗೆ ವಾಪಸಾದದ್ದು ಅದಾಗಿ ಇನ್ನೂ ಎರಡು ತಿಂಗಳಿಗೆ.

ನನಗೆ ಧ್ಯಾನದಲ್ಲಿ ದಾರಿ ತೋರಿಸುತ್ತಿದ್ದವರು ನಿವೃತ್ತ ಶಾಲಾ ಮಾಸ್ತರರು. ಅವರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಸಂತೈಸಲೂ ಇಲ್ಲ, ಬೈಯಲೂ ಇಲ್ಲ.

“ತಪ್ಪೈತಿ ಅನ್ನೋದು ನಿಮಗ ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು ಸರ್.”

“ಹಂಗಾದ್ರ ಆ ಹೊತ್ತಿನ್ಯಾಗ ನಿಮ್ಮ ಮನಸ್ಸಿನ್ಯಾಗ ಯಾರಿದ್ರು? ಆ ಹನ್ನೊಂದು ಮಂದಿ ಇದ್ರೋ, ನೀವಿದ್ರೋ?”

ನಾನೇ ಇದ್ದೆ. ತಪ್ಪು ಕಂಡ ಕ್ಷಣದಿಂದ ಸಭೆ ಮುಗಿಯುವವರೆಗೆ ನಾನು ಹೇಗೆ ಕಾಣುತ್ತೇನೆ, ಏನೆಂದುಕೊಳ್ಳುತ್ತಾರೆ, ನನಗೆ ಆ ಯೋಗ್ಯತೆ ಇದೆಯೇ ಎಂಬುದರ ಸುತ್ತಲೇ ಮನಸ್ಸು ತಿರುಗಿತ್ತು. ಹನ್ನೊಂದು ಹೆಸರುಗಳು ಕಾಗದದ ಮೇಲೆ ಕಣ್ಣೆದುರಿಗೇ ಇದ್ದರೂ ಅವರಲ್ಲಿ ಒಬ್ಬರ ಮುಖವೂ ನೆನಪಾಗಿರಲಿಲ್ಲ.

ನಾನು ಬೆಳೆದ ಮನೆಯಲ್ಲಿ ಬಸವಣ್ಣನವರ ‘ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ’ ಎಂಬ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ನನ್ನ ಮೌನಕ್ಕೆ ನಾನು ಆ ಮಾತನ್ನೇ ಆಸರೆ ಮಾಡಿಕೊಂಡಿದ್ದೆ. ಹಾಗೆ ಹೇಳಿದವರು ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಲೆಕ್ಕ ಬರೆದು, ಮುಂದೆ ಭಂಡಾರದ ಹೊಣೆ ಹೊತ್ತವರು ಎಂಬುದು ನನಗೆ ಗೊತ್ತಿತ್ತು. ‘ನ್ಯಾಯನಿಷ್ಠುರಿ, ದಾಕ್ಷಿಣ್ಯಪರ ನಾನಲ್ಲ’ ಎಂದು ಹೇಳಿದವರೂ ಅವರೇ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಓದಿರಲಿಲ್ಲ, ಅಷ್ಟೆ. ಕಿರಿಯನಾಗುವುದು ಎಂದರೆ ನ್ಯಾಯ ಹೇಳುವ ಜಾಗದಿಂದ ಹಿಂದೆ ಸರಿಯುವುದಾಗಿದ್ದರೆ ಎರಡನೆಯ ವಚನ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮೊದಲನೆಯ ಮಾತಿನಲ್ಲಿ ಅವರ ದೃಷ್ಟಿ ಇರುವುದು ಶರಣರ ಮೇಲೆ. ನಾನು ಅದೇ ಮಾತನ್ನು ಹೇಳಿಕೊಂಡಾಗ ನನ್ನ ದೃಷ್ಟಿ ಇದ್ದದ್ದು ನನ್ನ ಮೇಲೆ.

ಮಾಸ್ತರರ ಸಾಧನೆ ಬೌದ್ಧ ಪದ್ಧತಿಯದು. ಅಂದು ಅವರು ಬುದ್ಧನ ಉಪದೇಶಗಳೆನಿಸಿದ ಪಾಲಿ ಸುತ್ತಗಳಲ್ಲಿ ಬರುವ ‘ಮಾನ’ ಎಂಬ ಪದವನ್ನು ವಿವರಿಸಿದರು. ಕನ್ನಡದಲ್ಲಿ ಮಾನವೆಂದರೆ ಗೌರವವೂ ಹೌದು, ಅಳತೆಯೂ ಹೌದು; ಅಲ್ಲಿ ಅದರ ಅರ್ಥ ತನ್ನನ್ನು ಇತರರ ಪಕ್ಕದಲ್ಲಿಟ್ಟು ಅಳೆದುಕೊಳ್ಳುವ ಮನಸ್ಸಿನ ಚಟ. ಅದಕ್ಕೆ ಮೂರು ಮುಖಗಳಿವೆ: ‘ಸೇಯ್ಯೋಹಮಸ್ಮಿ’, ನಾನು ಮೇಲು, ‘ಸದಿಸೋಹಮಸ್ಮಿ’, ನಾನು ಸಮಾನ, ‘ಹೀನೋಹಮಸ್ಮಿ’, ನಾನು ಕೀಳು. ಮೂರನೆಯದನ್ನು ಕೇಳಿದಾಗ ನನಗೆ ನಿಜಕ್ಕೂ ಆಘಾತವಾಯಿತು. ವಿನಯವೆಂದು ನಾನು ಜತನದಿಂದ ಕಾಪಾಡಿಕೊಂಡು ಬಂದದ್ದು ಅಹಂಕಾರದ ಪಟ್ಟಿಯಲ್ಲಿಯೇ ಇತ್ತು. ತಕ್ಕಡಿಯಲ್ಲಿ ನನ್ನ ತಟ್ಟೆ ಮೇಲೇರಿದರೂ ಕೆಳಗಿಳಿದರೂ ತೂಗುವ ಕೆಲಸ ನಿಂತಿರಲಿಲ್ಲ, ತೂಕಕ್ಕೆ ಕೂತವನೂ ಎದ್ದಿರಲಿಲ್ಲ.

ಅಲ್ಲಿಂದ ನನ್ನ ಅಭ್ಯಾಸ ಬದಲಾಯಿತು. ಬೆಳಿಗ್ಗೆ ಮೊದಲ ಕಾಲು ತಾಸು ಮೂಗಿನ ತುದಿಯಲ್ಲಿ ಉಸಿರಾಟವನ್ನಷ್ಟೇ ಗಮನಿಸುವುದು. ಮನಸ್ಸು ಸ್ವಲ್ಪ ನಿಂತ ಮೇಲೆ ಹಿಂದಿನ ದಿನ ಕುಗ್ಗಿದ ಒಂದು ಗಳಿಗೆಯನ್ನು ನೆನಪಿಗೆ ತಂದುಕೊಂಡು, ಅದರ ಕಥೆಯನ್ನು ಬಿಟ್ಟು ದೇಹದಲ್ಲಿ ಏನಾಗುತ್ತದೆ ಎಂದು ನೋಡುವುದು. ನನ್ನಲ್ಲಿ ಅದು ಯಾವಾಗಲೂ ಒಂದೇ ಕ್ರಮದಲ್ಲಿ ಬರುತ್ತಿತ್ತು: ಮೊದಲು ಗಂಟಲು ಬಿಗಿಯುತ್ತದೆ, ಆಮೇಲೆ ಎದೆ ಒಳಕ್ಕೆ ಕುಸಿದ ಹಾಗಾಗುತ್ತದೆ, ಕೊನೆಗೆ ಕತ್ತು ತಗ್ಗುತ್ತದೆ. ಆ ಮೂರನ್ನು ಗುರುತಿಸಿ, ‘ಅಳೆಯುತ್ತಿದೆ’ ಎಂದು ಒಂದೇ ಸಲ ಮನಸ್ಸಿನಲ್ಲಿ ಹೇಳಿ, ಉಸಿರಿಗೆ ಮರಳುವುದು. ‘ನಾನು ಅಳೆಯುತ್ತಿದ್ದೇನೆ’ ಎಂದಲ್ಲ, ‘ಅಳೆಯುತ್ತಿದೆ’ ಎಂದು. ಕ್ರಿಯೆ ಅದೇ, ಕರ್ತೃವನ್ನು ಮಾತ್ರ ಅದಕ್ಕೆ ಕಟ್ಟುವುದಿಲ್ಲ.

ಇಲ್ಲಿ ನಾನು ಮಾಡಿದ ಮೊದಲ ತಪ್ಪು ಕುಗ್ಗಿದ ಮನಸ್ಸಿಗೆ ಮದ್ದಾಗಿ ‘ನಾನೂ ಸಮರ್ಥ, ನಾನು ಯಾರಿಗೂ ಕಡಿಮೆಯಲ್ಲ’ ಎಂದು ಹೇಳಿಕೊಂಡದ್ದು. ಎರಡು ವಾರ ಹುರುಪು ಬಂತು, ಆಮೇಲೆ ಯಾರೋ ಒಬ್ಬರ ಒಂದು ಮಾತಿಗೆ ಅದು ಜರ‍್ರನೆ ಇಳಿಯಿತು. ಅದು ಮೂರನೆಯ ಮುಖದಿಂದ ಎರಡನೆಯದಕ್ಕೋ ಮೊದಲನೆಯದಕ್ಕೋ ದಾಟಿದ್ದಾಗಿತ್ತೇ ಹೊರತು ಅಳತೆಯಿಂದ ಹೊರಬಂದದ್ದಲ್ಲ.

ಎರಡನೆಯ ತೊಡಕು ಸೂಕ್ಷ್ಮವಾದದ್ದು. ಅಳತೆ ಬಿಡಬೇಕೆಂದರೆ ನನ್ನ ಕೊರತೆಯನ್ನೇ ಒಪ್ಪಿಕೊಳ್ಳಬಾರದು ಎಂದರ್ಥವೇ? ಇದಕ್ಕಾಗಿ ಒಂದು ಪುಸ್ತಕವಿಟ್ಟುಕೊಂಡೆ. ಲೆಕ್ಕಿಗನಾದ್ದರಿಂದ ಎರಡು ಅಂಕಣ ಹಾಕುವುದು ಕೈಗೆ ತಾನಾಗಿ ಬಂತು. ಎಡಗಡೆ ಸಂಗತಿ, ಬಲಗಡೆ ತೀರ್ಪು. ‘ಹೊಸ ತಂತ್ರಾಂಶದಲ್ಲಿ ತಾಳೆಪಟ್ಟಿ ತೆಗೆಯಲು ನನಗೆ ಬರುವುದಿಲ್ಲ’ ಎಂಬುದು ಸಂಗತಿ. ‘ನಾನು ಯಾವ ಕಾಲಕ್ಕೂ ದಡ್ಡ’ ಎಂಬುದು ತೀರ್ಪು. ನಲವತ್ತು ದಿನ ಬರೆದ ಮೇಲೆ ಓದಿದರೆ ಎಡ ಅಂಕಣದ ಪ್ರತಿ ಸಾಲಿನ ಮುಂದೆ ಮಾಡಬಹುದಾದ ಒಂದು ಕೆಲಸವಿತ್ತು: ಒಬ್ಬರನ್ನು ಕೇಳು, ಒಂದು ಸಂಜೆ ಕೂತು ಕಲಿ, ಕ್ಷಮೆ ಕೇಳು. ಬಲ ಅಂಕಣದ ಯಾವ ಸಾಲಿನಿಂದಲೂ ಒಂದು ಕೆಲಸವೂ ಹೊರಡುತ್ತಿರಲಿಲ್ಲ. ಅದರ ಉದ್ದಕ್ಕೂ ‘ನಾನು’ ಎಂಬ ಪದ ತುಂಬಿಕೊಂಡಿತ್ತು. ಕೊರತೆಯ ಅರಿವಿಗೂ ಕೀಳರಿಮೆಗೂ ಇರುವ ಗೆರೆ ನನಗೆ ಕಂಡದ್ದು ಆ ಎರಡು ಅಂಕಣಗಳ ನಡುವಿನ ಗೆರೆಯಲ್ಲೇ.

ಒಂದು ಸಂಗತಿಯನ್ನು ಒತ್ತಿ ಹೇಳಬೇಕು, ಏಕೆಂದರೆ ಇದರಲ್ಲಿ ಅಪಾಯವಿದೆ. ಆ ನಡುವೆ ಹತ್ತು ದಿನಗಳ ಮೌನ ಶಿಬಿರವೊಂದಕ್ಕೆ ಹೋಗಿದ್ದೆ. ಬೆಳಗಿನ ನಾಲ್ಕಕ್ಕೆ ಏಳುವುದು, ದಿನಕ್ಕೆ ಹತ್ತು ತಾಸಿನಷ್ಟು ಕೂರುವುದು. ಆರನೆಯ ದಿನ ‘ನಾನು ಎಂಬುದೇ ಇಲ್ಲ’ ಎನಿಸತೊಡಗಿತು. ಅದನ್ನು ಸಾಧನೆಯ ಫಲವೆಂದು ತಿಳಿದೆ. ಆದರೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ, ಮೂರು ವಾರ ಸರಿಯಾಗಿ ನಿದ್ದೆ ಬರಲಿಲ್ಲ, ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದರೆ ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ. ನಾನು ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ವಿಚಾರ ಎರಡು ಸಲ ಬಂತು. ಮಾಸ್ತರರು ಕೂರುವುದನ್ನು ಕೂಡಲೇ ನಿಲ್ಲಿಸಲು ಹೇಳಿ, ಮನೋವೈದ್ಯರ ಬಳಿಗೆ ತಾವೇ ಕರೆದುಕೊಂಡು ಹೋದರು. ಆರು ತಿಂಗಳು ಔಷಧಿ ತೆಗೆದುಕೊಂಡೆ. ಅಹಂಕಾರ ಸಡಿಲವಾದಾಗ ಮನಸ್ಸು ಹಗುರಾಗಿ ಎದುರಿಗಿರುವವರ ಕಡೆಗೆ ಹೊರಳುತ್ತದೆ; ನನಗಾದದ್ದು ಭಾರ, ಮಂಪರು, ಎಲ್ಲರಿಂದ ಅಡಗಿಕೊಳ್ಳುವ ಆಸೆ. ‘ನಾನಿಲ್ಲ’ ಎಂಬ ಅರಿವಿಗೂ ‘ನಾನಿರಬಾರದು’ ಎಂಬ ನೋವಿಗೂ ಅಕ್ಷರದಲ್ಲಿ ಅಂತರ ಕಡಿಮೆ. ಎರಡನೆಯದು ಕಾಯಿಲೆ. ಅದಕ್ಕೆ ಚಿಕಿತ್ಸೆ ಬೇಕು, ಇನ್ನಷ್ಟು ಧ್ಯಾನವಲ್ಲ. ನಿದ್ದೆ, ಊಟ ಮತ್ತು ಮನೆಯವರ ಮಾತು ಕಿವಿಗೆ ಬೀಳುವುದು, ಈ ಮೂರನ್ನು ನಾನು ಈಗಲೂ ಗಮನದಲ್ಲಿಟ್ಟುಕೊಂಡಿದ್ದೇನೆ.

ಗುಣವಾದ ಮೇಲೆ, ವೈದ್ಯರ ಒಪ್ಪಿಗೆಯೊಂದಿಗೆ, ದಿನಕ್ಕೆ ಇಪ್ಪತ್ತು ನಿಮಿಷದಿಂದ ಮತ್ತೆ ಆರಂಭಿಸಿದೆ. ಆಗ ಮಾಸ್ತರರು ಪಾಲಿ ಸುತ್ತಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಬರುವ ಖೇಮಕ ಎಂಬ ಭಿಕ್ಷುವಿನ ಪ್ರಸಂಗ ಹೇಳಿದರು. ಖೇಮಕ ಕಾಯಿಲೆಯಿಂದ ಮಲಗಿದ್ದಾನೆ. ಹಿರಿಯ ಭಿಕ್ಷುಗಳು ವಿಚಾರಿಸಿದಾಗ ಅವನು ಹೇಳುವುದಿಷ್ಟು: ದೇಹ, ಮನಸ್ಸುಗಳಲ್ಲಿ ಯಾವುದನ್ನೂ ‘ಇದು ನಾನು’ ಎಂದು ನಾನು ಎಣಿಸುವುದಿಲ್ಲ, ಆದರೂ ‘ನಾನಿದ್ದೇನೆ’ ಎಂಬ ಸೆಳಕು ಇನ್ನೂ ಹೋಗಿಲ್ಲ. ಅದಕ್ಕೆ ಅವನು ಕೊಡುವ ಹೋಲಿಕೆ ಇದು: ಅಗಸ ಕೊಳೆಬಟ್ಟೆಯನ್ನು ಸವಳು ಮಣ್ಣು, ಕ್ಷಾರ, ಸಗಣಿ ಹಾಕಿ ತಿಕ್ಕಿ ಒಗೆದರೆ ಬಟ್ಟೆ ಶುಭ್ರವಾಗುತ್ತದೆ, ಆದರೆ ಸವಳಿನ ವಾಸನೆ ಉಳಿಯುತ್ತದೆ. ಆ ಬಟ್ಟೆಯನ್ನು ಸುಗಂಧದ ಪೆಟ್ಟಿಗೆಯಲ್ಲಿಟ್ಟಾಗ ಆ ವಾಸನೆಯೂ ಹೋಗುತ್ತದೆ. ನಮ್ಮ ಅಜ್ಜಿ ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು ಬಟ್ಟೆ ಒಗೆಯುತ್ತಿದ್ದಳು. ಒಣಗಿದ ಧೋತರವನ್ನು ಮೂಗಿಗೆ ಹಿಡಿದರೆ ಬರುತ್ತಿದ್ದ ಆ ಒಗರು ವಾಸನೆ ನನಗೆ ಇನ್ನೂ ನೆನಪಿದೆ. ಅದನ್ನು ಹೋಗಲಾಡಿಸಲು ಯಾರೂ ಬಟ್ಟೆಯನ್ನು ಹರಿಯುತ್ತಿರಲಿಲ್ಲ. ನಾನು ಆರು ವರ್ಷ ಮಾಡಿದ್ದು ಅದನ್ನೇ. ಬೌದ್ಧರ ಎಣಿಕೆಯಲ್ಲಿ ಮಾನ ಪೂರ್ತಿಯಾಗಿ ಹೋಗುವುದು ಅರಹಂತನಾದಾಗ, ಅಂದರೆ ಪೂರ್ಣ ಮುಕ್ತಿ ಪಡೆದಾಗ ಮಾತ್ರ. ಹಾಗಾಗಿ ಅದು ನನ್ನಲ್ಲಿ ಉಳಿದಿರುವುದಕ್ಕೆ ನನ್ನನ್ನು ಹಳಿದುಕೊಳ್ಳುವ ಕಾರಣವೇ ಇರಲಿಲ್ಲ; ಬಂದಾಗ ಗುರುತಿಸುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.

ಎರಡು ವರ್ಷಗಳ ಹಿಂದೆ ಮತ್ತೊಂದು ಪಟ್ಟಿಯಲ್ಲಿ ಅಂಥದೇ ತಪ್ಪು ಕಂಡಿತು. ಈ ಸಲ ನಾಲ್ಕು ಹೆಸರುಗಳು. ಗಂಟಲು ಬಿಗಿಯಿತು, ಎದೆ ಕುಸಿಯಿತು. ‘ಅಳೆಯುತ್ತಿದೆ’ ಎಂದುಕೊಂಡು ನಾಲ್ಕು ಹೆಸರುಗಳನ್ನು ಒಂದೊಂದಾಗಿ ಓದಿದೆ. ನಾಲ್ವರ ಮುಖವೂ ನೆನಪಿಗೆ ಬಂತು. ಎದ್ದು ನಿಂತು, ಗಡುವಿನ ದಿನಾಂಕ ಮತ್ತು ಅವರು ಹಣ ಕಟ್ಟಿದ ರಸೀದಿಯ ದಿನಾಂಕ ಎರಡನ್ನೂ ಹೇಳಿದೆ. ಒಬ್ಬರು, “ಧ್ಯಾನ ಮಾಡ್ತೀರಿ ಅಂತೀರಿ, ಅಹಂಕಾರ ಇನ್ನೂ ಹೋಗಿಲ್ಲ ನೋಡ್ರಿ ನಿಮ್ಮದು” ಎಂದರು. “ಹೋಗಿಲ್ಲ ಸರ್, ಖರೆ. ಆದ್ರ ದಿನಾಂಕ ಒಮ್ಮೆ ನೋಡ್ರಿ” ಎಂದೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತಗ್ಗಿಕೊಳ್ಳುವುದೂ ಇರಲಿಲ್ಲ. ಪಟ್ಟಿಯನ್ನು ಅಂದೇ ತಿದ್ದಿದರು.

ಮರುದಿನ ಬೆಳಿಗ್ಗೆ ಕೂತಾಗ ಎದೆಯಲ್ಲಿ ಬೇರೊಂದು ಏರಿಕೆ ಕಂಡಿತು, ಬೆಚ್ಚಗೆ, ಹಿತವಾಗಿ: ಎಲ್ಲರೆದುರು ಎಷ್ಟು ಚೆನ್ನಾಗಿ ಹೇಳಿದೆನಲ್ಲ ಎಂದು. ಸೇಯ್ಯೋಹಮಸ್ಮಿ. ಅದಕ್ಕೂ ‘ಅಳೆಯುತ್ತಿದೆ’ ಎಂದು ಒಮ್ಮೆ ಹೇಳಿ, ಉಸಿರಿಗೆ ಮರಳಿದೆ.