ಮಾವನ ಫೋನಿಗೆ ಮಗಳ ಕೂ

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಕಿವಿ ಮಂದವಾದವರು ಬಂದು "ಫೋನಿನ ಸೌಂಡ್ ಕಮ್ಮಿ ಆಗಿದೆ, ಸ್ಪೀಕರ್ ಬದಲಿಸು" ಅನ್ನುವುದು ತಿಂಗಳಿಗೆ ನಾಲ್ಕೈದು ಸಲವಾದರೂ ಉಂಟು. ಸ್ಪೀಕರ್ ಸರಿಯಾಗಿಯೇ ಇರುತ್ತದೆ. ನಾನೂ ಮೊದಮೊದಲು ವಾಲ್ಯೂಮ್ ಪೂರ್ತಿ ಏರಿಸಿ ಕಳಿಸುತ್ತಿದ್ದೆ. ಅದಷ್ಟರಿಂದಲೇ ಸಾಲುವುದಿಲ್ಲ ಅಂತ ಗೊತ್ತಾದದ್ದು ನೀರ್ಚಾಲಿನ ನನ್ನ ಸೋದರಮಾವನಿಂದ.

ಮಾವನಿಗೆ ಎಪ್ಪತ್ತನಾಲ್ಕು. ಅಡಿಕೆ ತೋಟ, ಸಂಜೆಯಾದರೆ ಜಗಲಿ. ಕಿವಿಯ ಮಿಷನ್ ಉಂಟು, ಆದರೆ ಬೆವರಿಗೆ ತುರಿಸುತ್ತದೆ ಅಂತ ಅದು ಕಪಾಟಿನಲ್ಲೇ. ಕಳೆದ ಆಟಿ ತಿಂಗಳಲ್ಲಿ ಮಂಗಳೂರಿನಿಂದ ಮಗಳು ಮಗುವನ್ನು ಎತ್ತಿಕೊಂಡು ಬಂದು, ಬದಿಯಡ್ಕ ಬಸ್ಸ್ಟ್ಯಾಂಡಿನಲ್ಲಿ ಮಳೆಗೆ ನಿಂತು ಏಳು ಸಲ ಫೋನ್ ಮಾಡಿದ್ದಳು. ಫೋನ್ ಮಾವನ ಪಕ್ಕದ ಸ್ಟೂಲಿನ ಮೇಲೇ ಇತ್ತು. ಕೊನೆಗೆ ಆಟೋ ಹಿಡಿದು ಮನೆಗೆ ಬಂದವಳು, ಮರುದಿನ ಆ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟಳು. ದುಬಾಯಿಯಲ್ಲಿರುವ ಮಗ ಬಿಟ್ಟುಹೋದ ಹಳೆಯ ಐಫೋನ್ 11.

ಭಾನುವಾರ ಅಂಗಡಿ ಮುಚ್ಚಿ ಅವರ ಮನೆಗೇ ಹೋದೆ. ಬೇರೆ ಬೇರೆ ಫ್ರೀಕ್ವೆನ್ಸಿಯ ಸ್ವರ ಹೊರಡಿಸುವ ಒಂದು ಆ್ಯಪ್ ನನ್ನ ಫೋನಿನಲ್ಲಿತ್ತು. ಮಾವನ ಬೆನ್ನ ಹಿಂದೆ ನಿಂತು ಒಂದೊಂದೇ ಕೇಳಿಸಿದೆ. 500 ಹರ್ಟ್ಸ್‌ಗೆ ಕೈ ಎತ್ತಿದರು, 1000ಕ್ಕೂ ಎತ್ತಿದರು. 2000ಕ್ಕೆ ಸ್ವಲ್ಪ ಅನುಮಾನ. 3000ಕ್ಕೆ ಅತ್ತೆ ಒಳಗಿನಿಂದ "ಎಂತದದು ಕಿರುಚುವುದು" ಅಂತ ಕೇಳಿದರು, ಮಾವ ಸುಮ್ಮನೆ ಕೂತಿದ್ದರು. ಇದು ಕಿವಿ ಪರೀಕ್ಷೆ ಅಲ್ಲ, ಅದನ್ನು ಮಾಡಬೇಕಾದವರು ಬೇರೆ. ಆದರೆ ರಿಂಗ್‌ಟೋನ್ ಆರಿಸುವುದಕ್ಕೆ ನನಗೆ ಇಷ್ಟು ಸಾಕಿತ್ತು. ವಯಸ್ಸಿನಿಂದ ಕಿವಿ ಕೆಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಸ್ವರ. ಫೋನಿನಲ್ಲಿ ಬರುವ ಕಿಣಿಕಿಣಿ ಟೋನುಗಳಲ್ಲಿ ಬಹುಪಾಲು ಅಲ್ಲಿಯೇ ಇರುವುದು.

ಹಾಗಾದರೆ ತಗ್ಗಿನ ಸ್ವರ ಹಾಕೋಣ ಅಂದುಕೊಂಡೆ. ಮಾವನಿಗೆ ಯಕ್ಷಗಾನದ ಹುಚ್ಚು, ಮದ್ದಳೆ ರೆಕಾರ್ಡ್ ಮಾಡಿ ಹಾಕಿದೆ. ಆಗಲಿಲ್ಲ. ಮದ್ದಳೆಯ ಗುಂ ಅನ್ನುವ ಶಬ್ದವನ್ನು ಫೋನಿನ ಚಿಕ್ಕ ಸ್ಪೀಕರು ಹೊರಡಿಸುವುದೇ ಇಲ್ಲ, ಟಪ್ ಟಪ್ ಅಂತ ಮಾತ್ರ ಕೇಳುತ್ತದೆ. ಮೇಲಿನದು ಕಿವಿಗೆ ಬೀಳುವುದಿಲ್ಲ, ಕೆಳಗಿನದು ಸ್ಪೀಕರಿನಿಂದ ಹೊರಡುವುದಿಲ್ಲ. ಉಳಿದದ್ದು ನಡುವಿನ ಭಾಗ. ಮನುಷ್ಯ ಬಾಯಿ ಬಿಟ್ಟು ಕರೆದ ಸ್ವರ ಇರುವುದು ಅಲ್ಲೇ. ಮಗಳಿಗೆ ಹೇಳಿದೆ: "ಅಕ್ಕಾ, ತೋಟದ ಆಚೆ ಬದಿಯಿಂದ ಅಪ್ಪನಿಗೆ ಕೂ ಹಾಕ್ತಿದ್ದೆಯಲ್ಲ, ಹಾಗೆ ಒಮ್ಮೆ ಹಾಕು." ಅಂಗಳದಲ್ಲಿ ನಿಂತು ಹಾಕಿದಳು. ಆಚೆ ಮನೆಯವರು ಓ ಅಂದರು.

ಅದನ್ನು GarageBandನಲ್ಲಿ ರಿಂಗ್‌ಟೋನ್ ಮಾಡಿದೆ. 30 ಸೆಕೆಂಡಿಗಿಂತ ಉದ್ದ ಆಗದು, ಬೇಕಾಗಿಯೂ ಇಲ್ಲ. ರೆಕಾರ್ಡಿಂಗಿನ ಶುರುವಿನಲ್ಲಿದ್ದ ಮೂರು ಸೆಕೆಂಡಿನ ಮೌನವನ್ನು ಮಾತ್ರ ಕತ್ತರಿಸಿ ಹಾಕಿದೆ. ಟೋನ್ ಮತ್ತೆ ಮತ್ತೆ ಸುತ್ತುವಾಗ ಆ ಮೌನವೂ ಸುತ್ತಿ ಬರುತ್ತದೆ. ಆಮೇಲೆ Sounds & Hapticsನಲ್ಲಿ Change with Buttons ಆಫ್. ಇಲ್ಲದಿದ್ದರೆ ಜೇಬಿನೊಳಗೆ ಪಕ್ಕದ ಬಟನ್ ಒತ್ತಿಹೋಗಿ ರಿಂಗಿನ ಸೌಂಡ್ ತಾನಾಗಿಯೇ ಇಳಿಯುತ್ತದೆ. "ಸೌಂಡ್ ಕಮ್ಮಿ ಆಗಿದೆ" ಅಂತ ನನ್ನ ಅಂಗಡಿಗೆ ಬರುವ ಐಫೋನುಗಳಲ್ಲಿ ಇದೂ ಒಂದು ಕಾರಣ.

ಆದರೆ ಶೀಟಿನ ಮಾಡಿನ ಮೇಲೆ ಜಡಿಮಳೆ ಹೊಡೆಯುವಾಗ ಕೂ ಕೂಡಾ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ. ಅದಕ್ಕೆ ಲೈಟು.

Settingsನಲ್ಲಿ Accessibility, ಅದರೊಳಗೆ Audio & Visual, ಅಲ್ಲಿ LED Flash for Alerts. ಅದರ ಕೆಳಗೆ Flash in Silent Mode ಉಂಟು, ಅದನ್ನೂ ಆನ್ ಮಾಡಲೇಬೇಕು. ಈ ಫೋನಿನ ಪಕ್ಕದಲ್ಲಿರುವ ಸೈಲೆಂಟಿನ ಸ್ವಿಚ್ ಜೇಬಿನಲ್ಲಿ ಜಾರಿದರೆ ಶಬ್ದದ ಜೊತೆ ಲೈಟೂ ಹೋಗುತ್ತದೆ, ಹೋದದ್ದು ಮಾವನಿಗೆ ತಿಳಿಯುವುದೂ ಇಲ್ಲ. ಇಷ್ಟು ಮಾಡಿ ನಾನು ಅಂಗಡಿಗೆ ಬಂದೆ. ಎರಡೇ ದಿನದಲ್ಲಿ ದೂರು: "ಲೈಟು ಗೀಟು ಎಂತದೂ ಇಲ್ಲ ಮಾರಾಯ."

ಹೋಗಿ ನೋಡಿದರೆ ಫೋನ್ ಸ್ಟೂಲಿನ ಮೇಲೆ ಅಂಗಾತ. ಮಿನುಗುವುದು ಹಿಂದಿನ ಕ್ಯಾಮರಾದ ಲೈಟು, ಅದು ಸ್ಟೂಲಿನ ಹಲಗೆಯನ್ನು ಬೆಳಗುತ್ತಿತ್ತು. ಕವುಚಿ ಇಟ್ಟು ನೋಡಿದೆವು. ಬೆಳಕು ಮೇಲಕ್ಕೆ ಹೋಗಿ ಹೊಗೆ ಹಿಡಿದ ಮಾಡಿನಲ್ಲಿ ಕಳೆದುಹೋಯಿತು. ಮಾವ ಫೋನನ್ನೇ ನೋಡುತ್ತಾ ಕೂತರೆ ಮಾತ್ರ ಕಾಣುತ್ತದೆ, ಹಾಗೆ ಯಾರು ಕೂರುತ್ತಾರೆ? ಜಗಲಿಯ ಗೋಡೆಯಲ್ಲಿ ದೀಪ ಇಡುವ ಹಳೆಯ ಗೂಡು ಇತ್ತು, ಸುಣ್ಣ ಬಳಿದದ್ದು. ಅದರೊಳಗೆ ಫೋನನ್ನು ಬೆನ್ನು ಗೋಡೆಗೆ ಮಾಡಿ, ನಾಲ್ಕು ಬೆರಳು ಅಂತರ ಬಿಟ್ಟು ನಿಲ್ಲಿಸಿದೆ. ಕರೆ ಬಂದಾಗ ಗೂಡಿಗೆ ಗೂಡೇ ಬೆಳ್ಳಗೆ ಮಿಂಚಿತು. ಪೇಪರ್ ಓದುತ್ತಿದ್ದ ಮಾವ ಕಣ್ಣಂಚಿನಲ್ಲಿ ಕಂಡು ತಲೆ ಎತ್ತಿದರು. ಕತ್ತಲು ಕವಿದ ಮಳೆಗಾಲದ ಹಗಲಿಗೂ ಇದು ಸಾಕಾಗುತ್ತದೆ. ಬಿಸಿಲಿರುವ ಅಂಗಳದಲ್ಲಿ ಏನೂ ಪ್ರಯೋಜನ ಇಲ್ಲ. ಬೆಳಕು ಮಿನುಗಿದರೆ ತಲೆನೋವು ಅಥವಾ ಫಿಟ್ಸ್ ಬರುವವರು ಇರುವ ಮನೆಯಲ್ಲಿ ಇದನ್ನು ಹಾಕಲೇಬಾರದು, ನಾನು ಮೊದಲೇ ಕೇಳಿಕೊಳ್ಳುತ್ತೇನೆ.

ತೋಟದಲ್ಲಿದ್ದಾಗ ಶಬ್ದವೂ ಇಲ್ಲ, ಲೈಟೂ ಇಲ್ಲ. ಉಳಿದದ್ದು ಅಂಗಿಯ ಜೇಬಿನ ವೈಬ್ರೇಷನ್. ಐಫೋನಿನಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಗೆಯ ವೈಬ್ರೇಷನ್ ನಾವೇ ಮಾಡಿ ಇಡಬಹುದು. Contactsನಲ್ಲಿ ಆ ಹೆಸರು ತೆಗೆದು Edit, ಅಲ್ಲಿ Ringtone, ಅದರೊಳಗೆ Haptics, ಹಳೆಯ ಸಾಫ್ಟ್‌ವೇರ್ ಆದರೆ Vibration, ಕೆಳಗೆ Create New Vibration. ಪರದೆಯನ್ನು ಬೆರಳಿನಿಂದ ತಟ್ಟಿದರೆ ಚಿಕ್ಕ ಗುರ್, ಒತ್ತಿ ಹಿಡಿದರೆ ಉದ್ದದ ಗುರ್.

ನಾನು ಮೊದಲು ಮಾವನಿಂದಲೇ ತಟ್ಟಿಸಿದೆ. ಅವರು ಖುಷಿಯಲ್ಲಿ ತೊಡೆಯ ಮೇಲೆ ತಾಳ ಹಾಕುವ ಹಾಗೆ ತಕ ತಕ ಅಂತ ತಟ್ಟಿದರು. ಕೈಯಲ್ಲಿ ಹಿಡಿದರೆ ಚಂದ, ಜೇಬಿನಲ್ಲಿ ಹಾಕಿ ನಡೆದರೆ ಗೊತ್ತೇ ಆಗಲಿಲ್ಲ. ನಡೆಯುವಾಗ ಮೈಯೇ ಅಲುಗಾಡುತ್ತಿರುತ್ತದೆ, ಬಟ್ಟೆಯ ಆಚೆಯ ಸಣ್ಣ ತಟ್ಟು ಅದರಲ್ಲಿ ಸೇರಿಹೋಗುತ್ತದೆ. ಆಮೇಲೆ ಮಗಳಿಗೆ ಒಂದು ಸೆಕೆಂಡಿನಷ್ಟು ಉದ್ದದ ಎರಡು ಗುರ್, ನಡುವೆ ಅಷ್ಟೇ ಬಿಡುವು. ಬಿಡುವು ಇಲ್ಲದಿದ್ದರೆ ಎರಡು ಸೇರಿ ಒಂದೇ ಆಗುತ್ತದೆ. ಅಕ್ಕನ ಗಂಡ, ಭಾವನಿಗೆ ಅರ್ಧರ್ಧ ಸೆಕೆಂಡಿನ ಎರಡು ಗುರ್, ಆಮೇಲೆ ದೊಡ್ಡ ಬಿಡುವು. ಅಡಿಕೆ ವ್ಯಾಪಾರಿಗೆ ಮೂರನೆಯದೊಂದು ಮಾಡಿದ್ದೆ, ಮಾವ ಅದನ್ನು ಭಾವನದ್ದರ ಜೊತೆ ಬೆರೆಸಿಬಿಟ್ಟರು. ತೆಗೆದುಹಾಕಿದೆ. ಎರಡರ ಮೇಲೆ ಹೋಗದಿದ್ದರೇ ಒಳ್ಳೆಯದು ಅಂತ ನನಗೆ ಈಗ ಅನಿಸುತ್ತದೆ.

ಬೇರೆ ಎಲ್ಲರ ಕರೆಗೆ ವೈಬ್ರೇಷನ್ Noneನಲ್ಲಿ ಇಟ್ಟೆ. ಲೋನ್ ಬೇಕಾ ಅಂತ ಕೇಳುವವರಿಗೂ ಜೇಬು ಅಲುಗಿದರೆ ಒಂದೇ ವಾರದಲ್ಲಿ ಆ ಕಡೆ ಗಮನವೇ ಹೋಗುವುದಿಲ್ಲ. ಮೆಸೇಜಿಗೂ ಇದೇ ರೀತಿ Text Toneನಲ್ಲಿ ಮಾಡಬಹುದು, ಆದರೆ ಅದು ಫೋನಿನದೇ Messagesಗೆ ಮಾತ್ರ, ವಾಟ್ಸಾಪಿಗೆ ಇಲ್ಲ. ಹಾಗಾಗಿ ಅಕ್ಕನಿಗೆ ಹೇಳಿದ್ದೇನೆ, ಅವಸರದ ಮಾತಿದ್ದರೆ ಸಾದಾ ಎಸ್ಸೆಮ್ಮೆಸ್ ಹಾಕು, ಮಗುವಿನ ಫೋಟೋ ವಾಟ್ಸಾಪಿಗೆ.

ಕಳೆದ ವಾರ ಭಾವ ಅಂಗಡಿಗೆ ಬಂದು ಜಗಳ ತೆಗೆದ. "ನೀನು ಮಾಡಿಕೊಟ್ಟದ್ದು ಹಾಳಾಗಿದೆ, ನಿನ್ನೆ ಮೂರು ಸಲ ಮಾಡಿದರೂ ಮಾವ ತೆಗೀಲಿಲ್ಲ." ಸಂಜೆ ಹೋಗಿ ಕೇಳಿದೆ.

"ಸಣ್ಣದು ಎರಡು ಬಂತು," ಅಂದರು ಮಾವ. "ಭಾವನದ್ದು ಅಂತ ಗೊತ್ತಾಯ್ತು. ಅದಕ್ಕೇ ತೆಗೀಲಿಲ್ಲ."