ಹರಿವೆ, ಪಾಲಕ್ ಬಿತ್ತನೆ: ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿದ ಲೆಕ್ಕ

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿದೆ. ಮೂರು ಕಡೆ ಅಡಿಕೆ ತೋಟ ಇರುವುದರಿಂದ ಸೊಪ್ಪು ಬೆಳೆಯುವಷ್ಟು ಬಿಸಿಲು ಬೀಳುವುದು ಅಂಗಳದಲ್ಲಿ ಮಾತ್ರ, ಆ ಅಂಗಳವೂ ಕೊಯ್ಲು ಶುರುವಾದ ಮೇಲೆ ಅಡಿಕೆಯ ಪಾಲಾಗುತ್ತದೆ. ನೆಲದಲ್ಲಿ ಮಡಿ ಮಾಡಿದರೆ ಕೋಳಿಗಳ ಕಾಟ ಬೇರೆ. ಹೀಗಾಗಿ, ಬೇಕಾದಾಗ ಎತ್ತಿ ಬೇರೆಡೆಗೆ ಇಡಬಹುದಾದ ಎಂಟು ಕುಂಡಗಳಲ್ಲಿ ಹರಿವೆ ಮತ್ತು ಪಾಲಕ್ ಬೆಳೆಯಲು ಆರಂಭಿಸಿದೆ. ಕುಂಡಗಳು ಹದಿನಾಲ್ಕು ಇಂಚು ಅಗಲ, ಒಂಬತ್ತು ಇಂಚು ಆಳ ಇವೆ. ಸೊಪ್ಪಿಗೆ ಇದಕ್ಕಿಂತ ಆಳ ಬೇಕಾಗಿಲ್ಲ, ಆದರೆ ಅಗಲ ಕಡಿಮೆಯಾದರೆ ಒಂದು ಹೊತ್ತಿನ ಪಲ್ಯಕ್ಕೂ ಸಾಲದು.

ಮೊದಲ ಸಲ ಉತ್ಸಾಹದಲ್ಲಿ ಎಲ್ಲ ಕುಂಡಗಳಿಗೂ ಒಂದೇ ದಿನ ಬೀಜ ಹಾಕಿಬಿಟ್ಟೆ. ಒಂದು ತಿಂಗಳ ನಂತರ ಎಂಟೂ ಕುಂಡಗಳು ಒಟ್ಟಿಗೆ ಕೊಯ್ಲಿಗೆ ಬಂದವು. ವಾರವಿಡೀ ಹರಿವೆಯದೇ ಹುಳಿ, ಹರಿವೆಯದೇ ಪಲ್ಯ. ಅಕ್ಕಪಕ್ಕದವರಿಗೆ ಹಂಚಿದ ಮೇಲೆ ಉಳಿದದ್ದು ಬಲಿತು ನಾರಾಯಿತು, ಅದರ ನಂತರ ಸುಮಾರು ಇಪ್ಪತ್ತು ದಿನ ಪೇಟೆಯಿಂದಲೇ ಸೊಪ್ಪು ತಂದೆವು. ಬಿತ್ತನೆಯನ್ನು ಕಂತುಗಳಾಗಿ ಮಾಡಬೇಕೆಂಬುದು ಅಲ್ಲಿಗೆ ಅರ್ಥವಾಯಿತು. ಆದರೆ ಒಂದು ಕಂತಿಗೂ ಇನ್ನೊಂದಕ್ಕೂ ಎಷ್ಟು ದಿನಗಳ ಅಂತರ ಇರಬೇಕು ಎಂಬುದು ತಿಳಿಯಲು ಮತ್ತೆ ಮೂರು ವರ್ಷ ಬೇಕಾಯಿತು.

ಮರುವರ್ಷ ಹತ್ತು ದಿನಕ್ಕೊಂದು ಕುಂಡದಂತೆ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಹರಿವೆ ಬಿತ್ತಿದೆ. ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರ್ 30ಕ್ಕೆ ಬಿತ್ತಿದ ಮೊದಲ ಕುಂಡವು 28 ದಿನಗಳಲ್ಲಿ ಕೊಯ್ಲಿಗೆ ಬಂತು. ಅಕ್ಟೋಬರ್ 20ರ ಕುಂಡಕ್ಕೆ 32 ದಿನ ಹಿಡಿಯಿತು, ನವೆಂಬರ್ 9ರದ್ದಕ್ಕೆ 39 ದಿನ. ಬಿತ್ತನೆಯಲ್ಲಿ ಹತ್ತೇ ದಿನಗಳಿದ್ದ ಅಂತರ ಕೊಯ್ಲಿನಲ್ಲಿ ಹನ್ನೆರಡು, ಹದಿಮೂರು, ಹದಿನಾಲ್ಕು ದಿನಗಳಿಗೆ ಹಿಗ್ಗಿತ್ತು. ರಾತ್ರಿಯ ಚಳಿ ಏರುತ್ತಿದ್ದುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ತಡವಾಗಿ ಗಮನಿಸಿದೆ: ಸೂರ್ಯ ದಕ್ಷಿಣಕ್ಕೆ ವಾಲಿದಂತೆ ತೆಂಕಣ ದಿಕ್ಕಿನ ಅಡಿಕೆ ಮರಗಳ ನೆರಳು ಅಂಗಳಕ್ಕೆ ಬೀಳುವ ಹೊತ್ತು ಹಿಂದೆ ಹಿಂದೆ ಸರಿಯುತ್ತದೆ, ಅಕ್ಟೋಬರ್‌ನಲ್ಲಿ ಇಳಿಹೊತ್ತಿನವರೆಗೂ ಬಿಸಿಲು ಕಾಣುತ್ತಿದ್ದ ಕುಂಡ ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ನೆರಳಿನಲ್ಲಿರುತ್ತದೆ.

ಮುಂದಿನ ವರ್ಷ, ಕೈತೋಟದಲ್ಲಿ ಪಳಗಿದ ಹಿರಿಯರೊಬ್ಬರು ಹೇಳಿದ ಕ್ರಮವನ್ನು ಅನುಸರಿಸಿದೆ. ದಿನ ಎಣಿಸುವುದು ಬೇಡ, ಹಿಂದಿನ ಕುಂಡದ ಸಸಿಗಳಲ್ಲಿ ಮೊಳಕೆಯ ಎಲೆಗಳ ನಡುವೆ ಎರಡು ನಿಜವಾದ ಎಲೆಗಳು ಮೂಡಿದಾಗ ಮುಂದಿನ ಕುಂಡಕ್ಕೆ ಬೀಜ ಹಾಕಿದರೆ ಸರಿ ಎಂಬುದು ಅವರ ಮಾತು. ಕೇಳಲು ಬಹಳ ಸಮಂಜಸವಾಗಿತ್ತು, ಗಿಡವನ್ನೇ ಗಡಿಯಾರ ಮಾಡಿಕೊಂಡಂತೆ. ಆದರೆ ಫಲಿತಾಂಶ ಮೊದಲಿಗಿಂತ ಕೆಟ್ಟದಾಯಿತು. ಚಳಿ ಹೆಚ್ಚಿದಂತೆ ಎರಡು ಎಲೆ ಮೂಡಲು ಹತ್ತು ದಿನಗಳ ಬದಲು ಹನ್ನೆರಡು, ಹದಿನಾಲ್ಕು ದಿನ ಬೇಕಾಗುತ್ತದೆ, ಅಂದರೆ ಬಿತ್ತನೆಯೇ ತಡವಾಗುತ್ತದೆ, ತಡವಾಗಿ ಬಿತ್ತಿದ್ದು ಇನ್ನಷ್ಟು ನಿಧಾನವಾಗಿ ಬೆಳೆಯುತ್ತದೆ. ಅಕ್ಟೋಬರ್ 22ರ ಕುಂಡ ನವೆಂಬರ್ 24ಕ್ಕೆ, ನವೆಂಬರ್ 5ರ ಕುಂಡ ಡಿಸೆಂಬರ್ 13ಕ್ಕೆ ಸಿಕ್ಕಿತು. ನಡುವೆ 19 ದಿನ ಖಾಲಿ. ಆ ಹಿರಿಯರು ಬೆಳೆಯುತ್ತಿದ್ದುದು ಬಹುಪಾಲು ಬೇಸಿಗೆಯ ಸೊಪ್ಪು, ಅಲ್ಲಿ ಅವರ ಕ್ರಮದಿಂದ ತೊಂದರೆ ಕಾಣದಿದ್ದಿರಬಹುದು.

ಎರಡು ವರ್ಷಗಳ ಟಿಪ್ಪಣಿಯನ್ನು ಎದುರಿಗಿಟ್ಟುಕೊಂಡಾಗ, ನಾನು ಲೆಕ್ಕವನ್ನು ತಪ್ಪು ತುದಿಯಿಂದ ಆರಂಭಿಸುತ್ತಿದ್ದೇನೆ ಎಂಬುದು ಹೊಳೆಯಿತು. ಸಮ ಅಂತರ ಬೇಕಾಗಿರುವುದು ಕೊಯ್ಲಿಗೆ, ಬಿತ್ತನೆಗಲ್ಲ. ಆದ್ದರಿಂದ ಮೂರನೆಯ ವರ್ಷ ಮೊದಲು ಕೊಯ್ಲಿನ ದಿನಗಳನ್ನು ಬರೆದುಕೊಂಡೆ: ಅಕ್ಟೋಬರ್ 28, ನವೆಂಬರ್ 7, 17, 27, ಡಿಸೆಂಬರ್ 7. ಪ್ರತಿಯೊಂದರ ಮುಂದೆ, ಆ ಹೊತ್ತಿನ ಬೆಳೆಗೆ ಹಿಂದಿನ ವರ್ಷಗಳಲ್ಲಿ ಹಿಡಿದ ದಿನಗಳನ್ನು ಬರೆದು ಹಿಂದಕ್ಕೆ ಕಳೆದೆ. ಬಿತ್ತನೆಯ ದಿನಗಳು ಕ್ರಮವಾಗಿ ಸೆಪ್ಟೆಂಬರ್ 30, ಅಕ್ಟೋಬರ್ 9, 17, 25 ಮತ್ತು ನವೆಂಬರ್ 1 ಎಂದು ಬಂದವು. ಅಂತರ ಒಂಬತ್ತು ದಿನಗಳಿಂದ ಏಳಕ್ಕೆ ಇಳಿದಿತ್ತು, ಚಳಿಯತ್ತ ಹೋಗುವಾಗ ಬಿತ್ತನೆ ಒತ್ತೊತ್ತಾಗಬೇಕು ಎಂದಾಯಿತು. ನಾನು ಪುಸ್ತಕ ಹಿಡಿದು ಕೂತಿದ್ದನ್ನು ನೋಡಿ ನಮ್ಮ ಅತ್ತೆ, “ಹರಿವೆ ಬೀಜ ಚೆಲ್ಲೋಕೂ ಪಂಚಾಂಗ ನೋಡ್ಬೇಕೇನೇ?” ಎಂದು ನಕ್ಕರು. ಆ ವರ್ಷ ಒಂದೆರಡು ದಿನ ಆಚೀಚೆಯಾದುದನ್ನು ಬಿಟ್ಟರೆ ಐದೂ ಕುಂಡಗಳು ಬರೆದುಕೊಂಡ ಹೊತ್ತಿಗೇ ಬಂದವು. ಬಿಸಿಲು ಏರುವ ಫೆಬ್ರುವರಿ, ಮಾರ್ಚ್‌ನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ತಡವಾಗಿ ಬಿತ್ತಿದ ಕುಂಡ ಮೊದಲಿನದನ್ನು ಬೆನ್ನಟ್ಟಿ ಹಿಡಿಯುತ್ತದೆಯಾದ್ದರಿಂದ ಆಗ ಹನ್ನೆರಡು ದಿನಗಳ ಅಂತರ ಬಿಡುತ್ತೇನೆ.

ಈ ದಿನಗಳು ನನ್ನ ಅಂಗಳದವು. ಬಯಲಿನ ತಾರಸಿಯ ಮೇಲೆ ಇಡುವವರಿಗೆ ಚಳಿಗಾಲದ ಹಿಗ್ಗುವಿಕೆ ಇಷ್ಟು ಇರಲಾರದು. ತಮ್ಮ ಮೊದಲ ವರ್ಷದ ದಿನಾಂಕಗಳನ್ನು ಬರೆದಿಟ್ಟುಕೊಂಡರೆ ಸಾಕು.

ನವೆಂಬರ್ ಮೊದಲ ವಾರದ ನಂತರ ನಾನು ಹರಿವೆ ಬಿತ್ತುವುದಿಲ್ಲ. ಹಗಲು ಕುಗ್ಗಿದರೆ ಹರಿವೆ ಹೂ ಬಿಡಲು ಅವಸರ ಮಾಡುವ ಗಿಡ. ಹತ್ತು ದಿನಕ್ಕೊಂದು ಕುಂಡದಂತೆ ಬಿತ್ತಿದ ವರ್ಷ ನವೆಂಬರ್ 9ರ ಕುಂಡದ ಸಸಿಗಳು ಗೇಣುದ್ದ ಆಗುವುದರೊಳಗೆ ಎಲೆಗಳ ಕಂಕುಳಲ್ಲಿ ಹಸಿರು ಗಂಟಿನಂಥ ಹೂಮೊಗ್ಗು ಕಟ್ಟಿದ್ದವು. ಆ ಗಂಟು ಕಂಡ ಮೇಲೆ ನೀರು ಗೊಬ್ಬರ ಎಷ್ಟು ಕೊಟ್ಟರೂ ಎಲೆ ದೊಡ್ಡದಾಗುವುದಿಲ್ಲ, ಅಂಥ ಗಿಡವನ್ನು ಅಂದೇ ಕಿತ್ತು ಅಡುಗೆಗೆ ಬಳಸುವುದು ಮೇಲು. ಈ ತೆರವನ್ನು ತುಂಬುವುದು ಪಾಲಕ್. ಅದಕ್ಕೆ ತಂಪು ಒಗ್ಗುತ್ತದೆ. ಜೊತೆಗೆ ಅದರ ಹೊರಸುತ್ತಿನ ಎಲೆಗಳನ್ನಷ್ಟೇ ಕಿತ್ತು, ನಡುವಿನ ಸುಳಿಗೆ ಪೆಟ್ಟಾಗದಂತೆ ನೋಡಿಕೊಂಡರೆ ಹತ್ತು ಹನ್ನೆರಡು ದಿನಗಳಿಗೊಮ್ಮೆ ಎರಡು ತಿಂಗಳು ಎಲೆ ಕೊಡುತ್ತದೆ. ಆದ್ದರಿಂದ ಪಾಲಕ್‌ಗೆ ಅಷ್ಟು ಕಂತುಗಳು ಬೇಡ. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗಳ ಮೊದಲ ವಾರದಲ್ಲಿ ಒಂದೊಂದು ಕುಂಡ ಬಿತ್ತಿದರೆ ಫೆಬ್ರುವರಿ ಕೊನೆಯವರೆಗೂ ನಮ್ಮ ನಾಲ್ವರ ಮನೆಗೆ ಸಾಕಾಗುತ್ತದೆ.

ಅಂತರದ ಲೆಕ್ಕ ಎಷ್ಟೇ ಸರಿಯಿದ್ದರೂ ಒಂದು ಕುಂಡ ಮೊಳೆಯದಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ, ಆದ್ದರಿಂದ ಬೀಜದ ವಿಷಯವನ್ನೂ ಹೇಳಬೇಕು. ಹರಿವೆಯ ಬೀಜ ಸಾಸಿವೆಗಿಂತ ಬಹಳ ಸಣ್ಣದು. ಬರಿಗೈಯಲ್ಲಿ ಹಾಕಿದರೆ ಒಂದೇ ಕಡೆ ಸುರಿಯುತ್ತದೆ. ಕಾಲು ಚಮಚ ಬೀಜವನ್ನು ಒಂದು ಲೋಟ ಒಣ ಮರಳಿನಲ್ಲಿ ಬೆರೆಸಿ, ಆ ಮರಳನ್ನು ರಂಗೋಲಿ ಪುಡಿ ಉದುರಿಸುವಂತೆ ಎರಡು ಬೆರಳುಗಳ ನಡುವಿನಿಂದ ಬಿಡುತ್ತೇನೆ. ಇಷ್ಟು ಮರಳು ಎರಡು ಮೂರು ಕುಂಡಗಳಿಗೆ ಬರುತ್ತದೆ. ಮೇಲೆ ಜರಡಿ ಹಿಡಿದ ಗೊಬ್ಬರ ಬೀಜ ಮರೆಯಾಗುವಷ್ಟು ಸಾಕು, ದಪ್ಪವಾಗಿ ಮುಚ್ಚಿದರೆ ಅಷ್ಟು ಸಣ್ಣ ಮೊಳಕೆಗೆ ಮೇಲೆ ಬರುವ ಶಕ್ತಿ ಇರುವುದಿಲ್ಲ. ಮೊದಮೊದಲು ಚೊಂಬಿನಿಂದ ನೀರು ಹುಯ್ದು ಬೀಜವನ್ನೆಲ್ಲ ಕುಂಡದ ಒಂದು ಮೂಲೆಗೆ ತೇಲಿಸಿದ್ದೆ. ಈಗ ಬಿತ್ತುವ ಮೊದಲೇ ಮಣ್ಣನ್ನು ಚೆನ್ನಾಗಿ ನೆನೆಸಿ, ಬಿತ್ತಿದ ಮೇಲೆ ಒದ್ದೆ ಗೋಣಿ ತಾಟು ಹೊದಿಸುತ್ತೇನೆ. ಮೂರನೆಯ ದಿನದಿಂದ ಬೆಳಗ್ಗೆ ಸಂಜೆ ತಾಟು ಎತ್ತಿ ನೋಡಬೇಕು. ಒಂದು ದಿನ ಮರೆತರೂ ಮೊಳಕೆಗಳು ಬಿಳಿ ದಾರದಂತೆ ಉದ್ದವಾಗಿ ಮಲಗಿಬಿಡುತ್ತವೆ.

ಒಮ್ಮೆ ವಾರ ಕಳೆದರೂ ಒಂದು ಮೊಳಕೆಯೂ ಕಾಣದೆ, ಹಳೆಯ ಬೀಜ ಕೊಟ್ಟನೆಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಮತ್ತೆ ಬಿತ್ತಿ ಜಗಲಿಯಲ್ಲಿ ಕುಳಿತಿದ್ದಾಗ ಕುಂಡದ ಅಂಚಿನಿಂದ ಇರುವೆಗಳ ಸಾಲೊಂದು ಇಳಿಯುತ್ತಿತ್ತು. ಪ್ರತಿಯೊಂದರ ಬಾಯಲ್ಲೂ ಮಿರುಗುವ ಕಪ್ಪು ಕಾಳು. ಸುತ್ತ ಬೂದಿ ಹಾಕಿದರೆ ಇಬ್ಬನಿಗೆ ನೆನೆದು ಮರುದಿನಕ್ಕೆ ಕೆಲಸಕ್ಕೆ ಬಾರದಾಗುತ್ತದೆ. ನೀರು ತುಂಬಿದ ಹಳೆಯ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಕೂರಿಸುವುದೇ ಗಟ್ಟಿ ಉಪಾಯ, ಅದೂ ಮೊಳೆಯುವವರೆಗೆ ಮಾತ್ರ.

ಪಾಲಕ್‌ನ ಸ್ವಭಾವ ಬೇರೆ. ನಮ್ಮ ಕಡೆ ಅಂಗಡಿಯಲ್ಲಿ ಪಾಲಕ್ ಎಂದು ಸಿಗುವುದು ಬಹುಪಾಲು ಬೀಟ್‌ರೂಟ್‌ನ ದಾಯಾದಿ, ಅದರ ಬೀಜವೂ ಬೀಟ್‌ರೂಟ್ ಬೀಜದಂತೆ ಉಬ್ಬುತಗ್ಗಿನ ಸಣ್ಣ ಗಂಟು. ಒಂದು ಗಂಟಿನೊಳಗೆ ಎರಡು ಮೂರು ಬೀಜಗಳಿರುವುದರಿಂದ ಒಂದೇ ಜಾಗದಲ್ಲಿ ಎರಡು ಮೂರು ಸಸಿಗಳು ಏಳುತ್ತವೆ, ಬಲವಾದ ಒಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಉಳಿಸಬೇಕಾದುದರ ಬೇರೂ ಅಲುಗುತ್ತದೆ. ರಾತ್ರಿಯಿಡೀ ನೆನೆಸಿ, ಅರ್ಧ ಇಂಚು ಆಳಕ್ಕೆ, ಮೂರು ಇಂಚಿಗೊಂದರಂತೆ ಊರಿದರೆ ಎಂಟರಿಂದ ಹತ್ತು ದಿನಗಳಲ್ಲಿ ಮೊಳೆಯುತ್ತದೆ. ನಮ್ಮ ಕೆಂಪು ಮಣ್ಣಿನ ಹುಳಿ ಗುಣ ಪಾಲಕ್‌ಗೆ ಹಿಡಿಸುವುದಿಲ್ಲ. ಸಸಿಗಳು ನಾಲ್ಕು ಎಲೆಗೇ ನಿಂತು, ಎಲೆಯಂಚು ಹಳದಿಗೆ ತಿರುಗಿದ್ದನ್ನು ಒಂದು ವರ್ಷ ಕಂಡೆ. ಈಗ ಬಿತ್ತನೆಗೆ ಹದಿನೈದು ದಿನ ಮೊದಲು ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು, ಕುಂಡಕ್ಕೆ ಒಂದು ಹಿಡಿಯಂತೆ ಮಣ್ಣಿಗೆ ಬೆರೆಸಿ ನೀರು ಹಾಕಿಡುತ್ತೇನೆ. ಹಸಿ ಸಗಣಿ ಅಥವಾ ಗಂಜಲದ ಜೊತೆ ಬೂದಿ ಸೇರಿಸಬಾರದು. ಮೂಗಿಗೆ ಹೊಡೆಯುವ ಆ ಘಾಟು ಗೊಬ್ಬರದ ಸಾರಜನಕವೇ ಗಾಳಿಗೆ ಹೋಗುತ್ತಿರುವುದರ ಗುರುತು.

ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ ಕುಂಡಗಳನ್ನು ಕವುಚಿ ಇಡುತ್ತೇನೆ. ಆ ಮಳೆಯಲ್ಲಿ ಹರಿವೆ ಎಲೆಯ ಅಡಿಯಲ್ಲಿ ಸುಣ್ಣದ ಚುಕ್ಕೆಯಂಥ ಬಿಳಿ ಗುಳ್ಳೆಗಳೆದ್ದು, ಮೇಲ್ಭಾಗ ಹಳದಿಯಾಗುತ್ತದೆ. ಮಾಡಿನ ಕೆಳಗಿಟ್ಟರೆ ಬೆಳಕು ಸಾಲದು. ಎರಡು ವರ್ಷ ಹೆಣಗಿ ಕೈಬಿಟ್ಟೆ, ಆ ನಾಲ್ಕು ತಿಂಗಳಿಗೆ ಕೆಸುವು, ಒಂದೆಲಗ ಹೇಗೂ ಇವೆ.

ಡಿಸೆಂಬರ್ 7ರ ಕುಂಡದಲ್ಲಿ ಸೊಪ್ಪು ಕೊಯ್ದ ಮೇಲೆ ಎರಡು ಗಿಡಗಳನ್ನು ಬೀಜಕ್ಕೆಂದು ಬಿಡುತ್ತೇನೆ. ತೆನೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕಪ್ಪು ಕಾಳು ಉದುರಿದರೆ ಕೊಯ್ಯುವ ಹದ ಬಂತೆಂದು ಅರ್ಥ. ಅಡಿಕೆ ಚಪ್ಪರದ ಮೂಲೆಯಲ್ಲಿ ಬಟ್ಟೆ ಹಾಸಿ ನಾಲ್ಕು ದಿನ ಒಣಗಿಸಿ, ಮೊರದಲ್ಲಿ ಕೇರಿ ಸೀಸೆಗೆ ತುಂಬಿದರೆ ಫೆಬ್ರುವರಿಯ ಬಿತ್ತನೆಗೆ ಹೊಸ ಬೀಜ ಸಿದ್ಧ.