ಸಿಂಗಾಪುರಕ್ಕೆ ಪುಟ್ಟ ಮಗುವಿನ ಜೊತೆ ಬರುವವರಿಗೆ: ಬಾಲ್ಕನಿ ಗ್ರಿಲ್ ಮಾತು ಸಹಿಗೆ ಮೊದಲೇ ಆಗಲಿ

ಕಳೆದ ಸಲ ರಜೆಗೆ ಬಳ್ಳಾರಿಗೆ ಹೋದಾಗ ಚಿಕ್ಕಪ್ಪನ ಮಗಳು ಫೋನ್ ಹಿಡಿದು ಬಂದು ಕೂತಳು. ಅವಳ ಗಂಡ ಆಗಲೇ ಸಿಂಗಾಪುರದಲ್ಲಿ ಕೆಲಸಕ್ಕೆ ಸೇರಿ ಮನೆ ಹುಡುಕುತ್ತಿದ್ದ. ಕಾಂಡೋ ಅನ್ನುವ ಖಾಸಗಿ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯ ಮನೆಯ ವೀಡಿಯೊ ಕಳಿಸಿದ್ದ. ಅವರ ಮಗುವಿಗೆ ಒಂದೂವರೆ ವರ್ಷ. ವೀಡಿಯೊ ನೋಡಿದ ನಮ್ಮ ಚಿಕ್ಕಮ್ಮ, “ಕಿಟಕಿಗೆ ಕಂಬಿನೇ ಇಲ್ಲಲ್ಲ, ಇದೆಂಥ ಮನಿ?” ಅಂದರು. ಅವರು ಕೇಳಿದ್ದು ಸರಿಯಾಗೇ ಇತ್ತು.

ನಮ್ಮ ಕಡೆ ಕಂಬಿ ಇಲ್ಲದ ಕಿಟಕಿ ಕಾಣುವುದೇ ಅಪರೂಪ. ಬೇಕಾದರೆ ವೆಲ್ಡಿಂಗ್ ಅಂಗಡಿಯವರನ್ನು ಕರೆದರೆ ಅಳತೆ ತಗೊಂಡು ಹೋಗಿ, ಮಾಡಿ ತಂದು ಕೂರಿಸುತ್ತಾರೆ. ಸಿಂಗಾಪುರದ ಬಾಡಿಗೆ ಮನೆಯಲ್ಲಿ ಹಾಗಲ್ಲ. ಗೋಡೆಗೆ ಒಂದು ತೂತು ಕೊರೆಯಲೂ ಮಾಲೀಕರ ಒಪ್ಪಿಗೆ ಬೇಕು. ಕಾಂಡೋದಲ್ಲಿ ಗ್ರಿಲ್ ಹಾಕಲು ಮ್ಯಾನೇಜ್‌ಮೆಂಟ್ ಆಫೀಸಿನ ಅನುಮತಿಯೂ ಬೇಕು.

ಅದಕ್ಕೇ ಈ ಮಾತು ಎತ್ತುವ ಸಮಯ ತುಂಬಾ ಮುಖ್ಯ. ಮನೆ ಇಷ್ಟವಾದ ಮೇಲೆ ಮೊದಲು ಎಲ್‌ಒಐ, ಅಂದರೆ ಬಾಡಿಗೆಗೆ ತಗೊಳ್ಳುತ್ತೇವೆ ಅನ್ನುವ ಪತ್ರ ಕೊಡುತ್ತೀರಿ. ಎರಡು ವರ್ಷದ ಬಾಡಿಗೆಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯನ್ನೂ ಅದರ ಜೊತೆ ಕೊಡಬೇಕು. ಕರಾರು ಪತ್ರ ಬರುವುದು ಆಮೇಲೆ. ನಿಮ್ಮ ಬೇಡಿಕೆ ಎಲ್‌ಒಐನಲ್ಲೇ ಇರಬೇಕು. ನಾನು ಸಿಂಗಾಪುರಕ್ಕೆ ಬಂದ ವರ್ಷ ಬಾಯಿಮಾತಿನ ಒಪ್ಪಿಗೆ ನಂಬಿದೆ. ಸಹಿ ಆದ ಮೇಲೆ ಆ ಕಡೆಯಿಂದ ಉತ್ತರವೇ ಬರಲಿಲ್ಲ. ಎರಡು ವರ್ಷದ ಮಗನನ್ನು ಇಟ್ಟುಕೊಂಡು ನಾಲ್ಕು ತಿಂಗಳು ಬಾಲ್ಕನಿ ಬಾಗಿಲಿಗೆ ಬೀಗ ಹಾಕಿಕೊಂಡೇ ಇದ್ದೆವು. ಆ ಭಯ ಇನ್ಯಾರಿಗೂ ಬೇಡ.

ತಂಗಿಯ ಮನೆಗೆ ನಾವು ಬರೆಸಿದ್ದು ಇಷ್ಟು: ಬಾಲ್ಕನಿಗೂ ತೆರೆಯುವ ಎಲ್ಲ ಕಿಟಕಿಗೂ ಗ್ರಿಲ್ ಹಾಕಬೇಕು, ಕೀಲಿ ಕೊಡುವ ಮೊದಲೇ ಕೆಲಸ ಮುಗಿಯಬೇಕು, ಖರ್ಚು ಯಾರದು ಅಂತ ಇರಬೇಕು, ಮನೆ ಬಿಡುವಾಗ ನಾವು ಅದನ್ನು ಬಿಚ್ಚಬೇಕಾಗಿಲ್ಲ. ಕೊನೆಯದನ್ನು ಜನ ಮರೆಯುತ್ತಾರೆ. ಅದು ಇಲ್ಲದಿದ್ದರೆ ಹೋಗುವಾಗ ಗ್ರಿಲ್ ತೆಗೆಸಿ, ತೂತು ಮುಚ್ಚಿಸಿ, ಬಣ್ಣ ಹೊಡೆಸುವ ಖರ್ಚು ನಿಮ್ಮ ಡೆಪಾಸಿಟ್‌ನಿಂದ ಹೋಗಬಹುದು.

ಮಾಲೀಕರ ಏಜೆಂಟ್ ಮೊದಲು, “ರೇಲಿಂಗ್ ಒಂದು ಮೀಟರ್ ಎತ್ತರ ಇದೆಯಲ್ಲ” ಅಂದರು. ರೇಲಿಂಗ್ ಇರುವುದು ನಿಂತವರು ಬೀಳದ ಹಾಗೆ. ಕುರ್ಚಿ ಎಳೆದುಕೊಂಡು ಹತ್ತುವ ಮಗುವನ್ನು ಅದು ತಡೆಯುವುದಿಲ್ಲ. ಆಮೇಲೆ, “ಕಾಂಡೋದವರು ಬಿಡಲ್ಲ” ಅಂದರು. ಇಲ್ಲಿ ಒಂದು ವಿಷಯ ತಿಳಿದಿರಲಿ. ಸಿಂಗಾಪುರದ ಕಾಂಡೋಗಳಿಗೆ ಕಾನೂನೇ ಹಾಕಿಕೊಟ್ಟ ಬೈಲಾಗಳಿವೆ. ಮಕ್ಕಳಿಗೆ ಅಪಾಯ ಆಗದಂತೆ ತಡೆಯುವ ಸಾಧನ ಹಾಕುವುದಕ್ಕೆ ಅಲ್ಲಿ ಅಡ್ಡಿ ಇಲ್ಲ. ಆದರೆ ಅದು ಕಟ್ಟಡದ ನೋಟಕ್ಕೆ ಹೊಂದಬೇಕು. ಅದಕ್ಕೇ ಎಷ್ಟೋ ಕಾಂಡೋಗಳು ಒಪ್ಪಿದ ವಿನ್ಯಾಸ, ಬಣ್ಣ ಇಟ್ಟುಕೊಂಡಿರುತ್ತವೆ. ಈ ಹಕ್ಕು ಮಾಲೀಕರದು, ಬಾಡಿಗೆಯವರದಲ್ಲ. ಹಾಗಾಗಿ ಅರ್ಜಿಗೆ ಮಾಲೀಕರ ಸಹಿಯೇ ಬೇಕು. ಇಷ್ಟು ಹೇಳಿ ಆಫೀಸಿನ ಫಾರಂ ಕಳಿಸಿದ ಮೇಲೆ ಅವರು ಒಪ್ಪಿದರು. ಬಾಲ್ಕನಿ ಖರ್ಚು ಅವರದು, ಕಿಟಕಿಗಳದು ತಂಗಿಯದು ಅಂತಾಯಿತು.

ಸಿಂಗಾಪುರದಲ್ಲಿ ಜಾಸ್ತಿ ಜನ ಹಾಕಿಸುವುದು ‘ಇನ್‌ವಿಸಿಬಲ್ ಗ್ರಿಲ್’. ಪ್ಲಾಸ್ಟಿಕ್ ಲೇಪನದ ತೆಳು ಸ್ಟೀಲ್ ತಂತಿಗಳನ್ನು ಮೇಲೆ ಕೆಳಗೆ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದಿರುತ್ತಾರೆ. ತಂತಿಗಳ ನಡುವೆ ಸುಮಾರು ಎರಡು ಇಂಚು ಅಂತರ. ತಂತಿ ಉದ್ದಕ್ಕೆ ನಿಂತಿರಲಿ. ಅಡ್ಡಕ್ಕೆ ಹಾಕಿದರೆ ಮಗುವಿಗೆ ಅದೇ ಏಣಿ ಆಗುತ್ತದೆ. ನಮ್ಮ ಊರಲ್ಲಿ ಪಾರಿವಾಳಕ್ಕೆ ಕಟ್ಟುತ್ತಾರಲ್ಲ, ಅಂಥ ನೈಲಾನ್ ಬಲೆಯನ್ನು ಮಗುವಿಗಾಗಿ ನಂಬಬೇಡಿ. ಬಿಸಿಲಿಗೆ ದಾರ ಸೊರಗುತ್ತದೆ, ಕೊಕ್ಕೆ ಒಂದು ಬಿಟ್ಟರೆ ಮೂಲೆ ತೆರೆದುಕೊಳ್ಳುತ್ತದೆ.

ಅಳತೆ, ಮಾಲೀಕರ ಸಹಿ, ಆಫೀಸಿನ ಅನುಮತಿ ಎಲ್ಲ ಸೇರಿ ತಂಗಿಯ ಮನೆಗೆ ಮೂರು ವಾರ ಹಿಡಿಯಿತು. ಕೂರಿಸುವ ಕೆಲಸ ಮಾತ್ರ ಅರ್ಧ ದಿನದ್ದು. ಅವಳು ಬಳ್ಳಾರಿಯಿಂದ ಹೊರಡುವ ಟಿಕೆಟನ್ನು ಆ ಲೆಕ್ಕ ಹಾಕಿಯೇ ಮಾಡಿಸಿದಳು. ಗಂಡ ಮೊದಲೇ ಅಲ್ಲಿದ್ದದ್ದು ಒಳ್ಳೆಯದಾಯಿತು.

ಕೀಲಿ ತಗೊಳ್ಳುವ ದಿನ ಅವನಿಗೆ ಫೋನಿನಲ್ಲೇ ಪರೀಕ್ಷೆ ಮಾಡಿಸಿದೆ. ಪಕ್ಕದ ಎರಡು ತಂತಿಗಳನ್ನು ಎರಡೂ ಕೈಯಲ್ಲಿ ಹಿಡಿದು ಅಗಲಿಸಿ ನೋಡು ಅಂದೆ. ಮಗುವಿನ ತಲೆ ತೂರುವಷ್ಟು ಬಾಯಿ ಬಿಟ್ಟರೆ ಬಿಗಿ ಸಾಲದು. ಪಟ್ಟಿಯ ಸ್ಕ್ರೂ ಗಟ್ಟಿ ಗೋಡೆಗೆ ಹೋಗಿದೆಯಾ ನೋಡಬೇಕು, ಫಾಲ್ಸ್ ಸೀಲಿಂಗ್‌ಗೆ ಹೋಗಿದ್ದರೆ ಹಿಡಿತ ಇರುವುದಿಲ್ಲ. ಮಲಗುವ ಕೋಣೆಯ ಕಿಟಕಿಯಲ್ಲಿ ಒಂದು ತಂತಿ ಸಡಿಲ ಸಿಕ್ಕಿತು. ಕೆಲಸದವರು ಇನ್ನೂ ಅಲ್ಲೇ ಇದ್ದರು, ಅವತ್ತೇ ಬಿಗಿದುಕೊಟ್ಟರು. ಬೆಂಕಿ ಬಿದ್ದರೆ ತಂತಿ ಕತ್ತರಿಸಿ ಹೊರಬರಲು ಒಂದು ಕಟರ್ ಕೇಳಿ ತಗೊಂಡು, ಮಗುವಿಗೆ ಎಟುಕದ ಹಾಗೆ ಬೀರುವಿನ ಮೇಲೆ ಇಟ್ಟರು. ಗ್ರಿಲ್‌ನ ಫೋಟೊ ತೆಗೆದು, ಮನೆಯ ಸಾಮಾನುಗಳ ಪಟ್ಟಿಗೂ ಸೇರಿಸಿದ ಮೇಲೆಯೇ ಅವನು ಆ ಪಟ್ಟಿಗೆ ಸಹಿ ಹಾಕಿದ.